ಮನೆದೇವರ ಸುಪ್ರಭಾತ: ಹೆಸರೂ ಛಂದಸ್ಸೂ

ಹದಿನೈದನೆಯ ಶತಮಾನದಲ್ಲಿ ಪ್ರತಿವಾದಿ ಭಯಂಕರಂ ಅಣ್ಣನವರು ರಚಿಸಿದ ವೇಂಕಟೇಶ ಸುಪ್ರಭಾತವು ಈ ಪ್ರಕಾರಕ್ಕೆ ಮಾದರಿಯಾಗಿ ನಿಂತಿದೆ. ಅದನ್ನನುಸರಿಸಿ ಮನೆಯ ದೇವರ ಗೂಡಿನ ಮುಂದೆ ಹೇಳತಕ್ಕ ಕನ್ನಡ ಪದ್ಯಗಳನ್ನು ಕಟ್ಟಹೊರಟವರಿಗೆ ಮೊದಲು ಎದುರಾಗುವುದು ಭಾವದ ತೊಡಕಲ್ಲ, ದೇವರ ಹೆಸರಿನ ತೊಡಕು. ಆದುದರಿಂದ ರಚನೆಯನ್ನು ಕೊನೆಯ ಸಾಲಿನಿಂದ, ಅಂದರೆ ಪ್ರತಿ ಪದ್ಯದಲ್ಲಿಯೂ ಮರಳಿ ಬರುವ ಸಾಲಿನಿಂದ ಆರಂಭಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಇಲ್ಲಿ ರೂಢಿಯಾದ ವೃತ್ತ ವಸಂತತಿಲಕ. ಗಣಗಳು ತ, ಭ, ಜ, ಜ, ಕೊನೆಗೆರಡು ಗುರು. ಸಾಲಿಗೆ 14 ಅಕ್ಷರ. 'ತವ ಸುಪ್ರಭಾತಮ್' ಎಂಬ ರೂಢಿಯ ಮುಕ್ತಾಯವು ಕೊನೆಯ ಆರು ಅಕ್ಷರಗಳನ್ನು ತುಂಬುತ್ತದೆ. ಹೆಸರಿಗೆ ಉಳಿಯುವುದು ಎಂಟೇ ಅಕ್ಷರ: ಗುರು, ಗುರು, ಲಘು, ಗುರು, ಮೂರು ಲಘು, ಗುರು.

ಶ್ರೀರಂಗಪಟ್ಟಣದ 'ಶ್ರೀರಂಗನಾಥ' ಮೊದಲ ಐದು ಸ್ಥಾನಗಳಲ್ಲಿ ತಾನಾಗಿಯೇ ಕೂರುತ್ತದೆ. ನಾಗಮಂಗಲದ ಸೌಮ್ಯಕೇಶವನಿಗೆ ಮುಂದೊಂದು 'ಶ್ರೀ' ಸೇರಿಸಿದರೆ ಸಾಕು. ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣನಾದರೋ ನಾಲ್ಕು ಗುರುಗಳನ್ನು ಒಟ್ಟಿಗೆ ತರುವುದರಿಂದ ಈ ವೃತ್ತಕ್ಕೆ ಸಲ್ಲನು. ಅವನನ್ನು 'ಲಕ್ಷ್ಮೀಪತೇ' ಎಂದೇ ಕರೆಯಬೇಕು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಚೆಲುವನಾರಾಯಣನದೂ ಇದೇ ಪಾಡು. ಆದರೆ ಅಲ್ಲಿಯ ಉತ್ಸವಮೂರ್ತಿಯಾದ ಚೆಲುವಪಿಳ್ಳೆರಾಯನಿಗೆ ಸಂಪತ್ಕುಮಾರನೆಂಬ ಹೆಸರೂ ಉಂಟು. ಅದು ಸರಿಯಾಗಿ ಹೊಂದುತ್ತದೆ. ಮೇಲುಕೋಟೆಯ ಒಕ್ಕಲಿನ ಮನೆಯೊಂದನ್ನು ಮನಸ್ಸಿನಲ್ಲಿಟ್ಟು ನಾವು ಕಟ್ಟಿದ ಪದ್ಯವಿದು:

ಕೆಂಪಾದುದಾಗಸದ ಮೂಡಣ ದಿಕ್ಕಿನಂಚು
ತಂಪಾದ ಬಾಗಿಲೊಳು ಮೂಡಿತು ರಂಗವಲ್ಲಿ
ಕಂಪಿತ್ತುದೀ ತುಳಸಿ ಕಟ್ಟೆಯ ಗಾಳಿ ಬೀಸಿ
ಸಂಪತ್ಕುಮಾರ ಮನೆಯೊಳ್ ಬೆಳಗಾಯಿತೇಳು

ದೇವಾಲಯದ ಸುಪ್ರಭಾತದಲ್ಲಿ ದೇವತೆಗಳೂ ಋಷಿಗಳೂ ಬಾಗಿಲಲ್ಲಿ ಕಾದಿರುತ್ತಾರೆ. ಮನೆಯಲ್ಲಿ ಆ ಪರಿವಾರವನ್ನು ತಂದರೆ ಅದು ಎರವಲಿನಂತೆ ತೋರುವುದು. ನೀರು ಚಿಮುಕಿಸಿದ ಬಾಗಿಲು, ತುಳಸಿಕಟ್ಟೆ ಇವೇ ಇಲ್ಲಿಯ ಪರಿವಾರ. ಸಾಲಿನ ಕೊನೆಯ ಲಘುವನ್ನು ಗುರುವೆಂದು ಎಣಿಸುವ ಸ್ವಾತಂತ್ರ್ಯವನ್ನು ನಾವು ನಾಲ್ಕು ಸಾಲುಗಳಲ್ಲಿಯೂ ಬಳಸಿಕೊಂಡಿದ್ದೇವೆ. ಸಾಲಿನ ನಡುವೆ ಮಾತ್ರ ಎಚ್ಚರ ಬೇಕು. ಮೂರನೆಯ ಸಾಲಿನಲ್ಲಿ 'ಕಟ್ಟೆಯ ಗಾಳಿ' ಎಂಬಲ್ಲಿ 'ಕಟ್ಟೆಯ ಪ್ರಾತಃ' ಎಂದು ತಂದರೆ ಒತ್ತಕ್ಷರದ ಹಿಂದಿನ 'ಯ' ಗುರುವಾಗಿ ಓಟ ಕೆಡುತ್ತದೆ. ಬರಹದಲ್ಲಿ ಕಾಣದ ಈ ದೋಷ ಗಟ್ಟಿಯಾಗಿ ಓದಿದೊಡನೆ ಕಿವಿಗೆ ತಿಳಿಯುತ್ತದೆ.

ಇನ್ನುಳಿದುದು ಪ್ರಾಸ. ಸಂಸ್ಕೃತಕ್ಕೆ ಆದಿಪ್ರಾಸದ ಕಟ್ಟಿಲ್ಲ, ಹಳೆಯ ಕನ್ನಡ ವೃತ್ತಗಳಿಗೆ ಉಂಟು. ಮರಳಿ ಬರುವ ಸಾಲು 'ಸಂಪ' ಎಂದು ಮೊದಲಾಗುವುದರಿಂದ ಪ್ರತಿ ಪದ್ಯದ ಉಳಿದ ಮೂರು ಸಾಲುಗಳೂ ಅದೇ ಪ್ರಾಸವನ್ನು ಬೇಡುತ್ತವೆ. ಕೆಂಪು, ತಂಪು, ಕಂಪು, ಇಂಪು, ಸೊಂಪು ಎಲ್ಲವೂ ಬೆಳಗಿಗೆ ಒಪ್ಪುವ ಮಾತುಗಳೇ. ಆದರೆ ಹತ್ತು ಪದ್ಯಗಳಿಗೆ ಇಂಥವು 30 ಬೇಕು. ಮೂರು ನಾಲ್ಕು ಪದ್ಯಗಳಾಗುವಷ್ಟರಲ್ಲಿ ಭಂಡಾರ ಬರಿದಾಗುವುದು. ಆಗ ಪ್ರಾಸವನ್ನು ಮೊದಲಿನಿಂದಲೇ ಬಿಡಬೇಕು, ಇಲ್ಲವೆ ಐದು ಪದ್ಯಗಳಿಗೆ ನಿಲ್ಲಿಸಬೇಕು. ನಾವು ಎರಡನೆಯದನ್ನೇ ಮೆಚ್ಚುತ್ತೇವೆ. 'ಶ್ರೀರಂಗ' ಎಂದು ತೊಡಗುವವರಿಗೆ ನೀರು, ಊರು, ದೂರ ಮೊದಲಾದ ರಕಾರದ ಮಾತುಗಳು ಧಾರಾಳವಾಗಿ ಸಿಕ್ಕುತ್ತವೆ. ಲಕ್ಷ್ಮೀಪತಿಯನ್ನು ನೆಚ್ಚಿದವರಿಗೆ ಪ್ರಾಸದ ಆಸೆಯನ್ನು ಬಿಡದೆ ಗತಿಯಿಲ್ಲ.