ಪ್ರಬಂಧಕ್ಕೆ ಯಾವುದು, ಅನುಬಂಧಕ್ಕೆ ಯಾವುದು: ‘ಎಂಗೊ–ನಾವು’ ಪ್ರಬಂಧವೊಂದರ ಅನುಭವ

ನಾನು ಭಾಷಾವಿಜ್ಞಾನಿಯಲ್ಲ. ಕಾಸರಗೋಡಿನ ಕಡೆಯ ಶಾಲೆಯೊಂದರಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ಕೌಮುದಿಯ ದಾರಿಯಲ್ಲಿ ವ್ಯಾಕರಣ ಓದಿದವನು. ಉಪಭಾಷೆಯ ಪ್ರಬಂಧ ಬರೆಯುವವರಿಗೆ ನಾನು ಹೇಳಬಹುದಾದ್ದು ಒಂದೇ ವಿಷಯ: ಸಂಗ್ರಹಿಸಿದ ಸಾಮಗ್ರಿ, ರೂಪಸಿದ್ಧಿಯ ಹಂತಗಳು, ಪ್ರಶ್ನಾವಳಿ ಮತ್ತು ಧ್ವನಿಮುದ್ರಣದ ವಿವರ, ಇವುಗಳಲ್ಲಿ ಯಾವುದನ್ನು ಪ್ರಬಂಧದಲ್ಲಿಡಬೇಕು, ಯಾವುದನ್ನು ಅನುಬಂಧಕ್ಕೆ ಕಳಿಸಬೇಕು ಎಂಬುದು. ಇದು ಪುಟ ಉಳಿಸುವ ಉಪಾಯ ಮಾತ್ರ ಎಂದು ನಾನೂ ತಿಳಿದಿದ್ದೆ. ಹಾಗಲ್ಲವೆಂದು ಗೊತ್ತಾದದ್ದು ನನ್ನ ತಂಗಿಯ ಮೊಮ್ಮಗಳ ಪ್ರಬಂಧವನ್ನು ಓದಿದಾಗ.

ಅವಳು ಎತ್ತಿಕೊಂಡ ವಿಷಯ ನಮ್ಮ ಮನೆಮಾತೇ. ಇಲ್ಲಿಯ ಹವ್ಯಕ ಕನ್ನಡದಲ್ಲಿ ಉತ್ತಮಪುರುಷ ಬಹುವಚನಕ್ಕೆ ಎರಡು ಪದಗಳುಂಟು. ಕೇಳುವವನನ್ನು ಸೇರಿಸಿ ಹೇಳಿದರೆ ‘ನಾವು’, ಅವನನ್ನು ಬಿಟ್ಟು ಹೇಳಿದರೆ ‘ಎಂಗೊ’. ಷಷ್ಠಿಯಲ್ಲಿ ‘ನಮ್ಮ’, ‘ಎಂಗಳ’. ತೋಟದ ಬದಿಯಲ್ಲಿ ನಿಂತು ಬಂದ ನೆಂಟರಿಗೆ ಹೇಳುವುದು ‘ಇದು ಎಂಗಳ ತೋಟ’ ಎಂದು. ಅದೇ ತೋಟವನ್ನು ಒಡಹುಟ್ಟಿದ ತಮ್ಮನಿಗೆ ತೋರಿಸಿದರೆ ‘ಇದು ನಮ್ಮ ತೋಟ’. ನೆರೆಯ ತುಳುವಿನಲ್ಲಿ ‘ಎಂಕುಳು–ನಮ’, ಮಲಯಾಳದಲ್ಲಿ ‘ಞಙ್ಙಳ್–ನಮ್ಮಳ್’ ಎಂದು ಇದೇ ಭೇದವಿದೆ. ಶಾಲೆಯಲ್ಲಿ ಕಲಿಯುವ ಕನ್ನಡದಲ್ಲಿ ಇದು ಇಲ್ಲ, ಎಲ್ಲದಕ್ಕೂ ‘ನಾವು’. ಹೊಸ ತಲೆಮಾರಿನಲ್ಲಿ ಈ ಭೇದ ಉಳಿದಿದೆಯೇ ಎಂಬುದು ಅವಳ ಪ್ರಶ್ನೆ.

“ಅಜ್ಜ, ನಿಂಗೊ ಒಂದರಿ ಓದಿ ನೋಡಿ” ಎಂದು ಕರಡು ತಂದುಕೊಟ್ಟಳು. ಹದಿನಾಲ್ಕು ಮಂದಿಯನ್ನು ಮಾತಾಡಿಸಿದ್ದಳು. ನಲವತ್ತು ಪ್ರಶ್ನೆಗಳಲ್ಲಿ ಆರು ಈ ಸರ್ವನಾಮಕ್ಕೆ ಸಂಬಂಧಿಸಿದವು. ಅಂದರೆ ಎಂಬತ್ತನಾಲ್ಕು ವಾಕ್ಯ. ಹನ್ನೊಂದು ಮಂದಿಯಲ್ಲಿ ಭೇದ ಇದೆ, ಮೂವರಲ್ಲಿ ಇಲ್ಲ. ಆ ಮೂವರೂ ಕಾಲೇಜಿನ ಹುಡುಗರು. ಆದ್ದರಿಂದ ಹೊಸ ತಲೆಮಾರಿನಲ್ಲಿ ಭೇದ ಅಳಿಯುತ್ತಿದೆ, ಎಂಬುದು ಅವಳ ತೀರ್ಮಾನ. ಆದರೆ ಆ ತೀರ್ಮಾನವನ್ನು ಹುಡುಕುವುದಕ್ಕೇ ನನಗೆ ಅರ್ಧ ದಿನ ಹಿಡಿಯಿತು. ಎಂಬತ್ತನಾಲ್ಕು ವಾಕ್ಯಗಳೂ ಪ್ರಬಂಧದ ಒಳಗೇ ಇದ್ದವು. ಪ್ರಶ್ನೆ ಕೇಳಿದ ಬಗೆ ಮಾತ್ರ ಕೊನೆಯ ಪುಟದಲ್ಲಿ ಧ್ವನಿಮುದ್ರಣ ಯಂತ್ರದ ಹೆಸರಿನ ಕೆಳಗೆ ಎರಡು ಸಾಲಿನಲ್ಲಿತ್ತು. ಇರಬೇಕಾದ್ದಕ್ಕೆ ಸರಿಯಾಗಿ ತಿರುಗುಮುರುಗು!

ಇಂಥಲ್ಲಿ ನನ್ನ ಕಣ್ಣ ಮುಂದೆ ಬರುವುದು ಪಾಣಿನಿಯ ವ್ಯವಸ್ಥೆ. ಅಷ್ಟಾಧ್ಯಾಯಿಯ ಸೂತ್ರಗಳು ಸುಮಾರು 4000. ಅದರ ಜೊತೆಗೆ ಧಾತುಪಾಠ, ಗಣಪಾಠ ಎಂದು ಬೇರೆ ಪಟ್ಟಿಗಳಿವೆ. ಧಾತುಗಳೇ ಸುಮಾರು 2000. ಇವನ್ನು ಖಿಲಪಾಠ ಎನ್ನುತ್ತಾರೆ, ಎಂದರೆ ಅನುಬಂಧವೇ ಸರಿ. ಸರ್ವನಾಮಸಂಜ್ಞೆಯನ್ನು ಹೇಳುವಾಗ ಸೂತ್ರಕಾರ ಮೂವತ್ತೈದು ಶಬ್ದಗಳನ್ನೂ ಎಣಿಸುತ್ತ ಕೂರಲಿಲ್ಲ. ‘ಸರ್ವ’ ಮೊದಲಾದವು ಎಂದು ಹೇಳಿ ಮುಂದೆ ಹೋದ. ಪಟ್ಟಿ ಗಣಪಾಠದಲ್ಲಿದೆ. ಸೂತ್ರ ತಿಳಿಯಲು ಪಟ್ಟಿ ಬೇಡ, ಸೂತ್ರವನ್ನು ಪರೀಕ್ಷಿಸಲು ಪಟ್ಟಿ ಬೇಕು.

ಆದರೆ ಇದರಲ್ಲಿ ಇನ್ನೂ ಸೂಕ್ಷ್ಮವಾದದ್ದೊಂದು ಇದೆ. ನಕಾರ ಣಕಾರವಾಗುವ ಪ್ರಕರಣದಲ್ಲಿ ‘ಕ್ಷುಭ್ನಾತಿ’ ಮೊದಲಾದ ಕೆಲವು ರೂಪಗಳಲ್ಲಿ ಹಾಗಾಗುವುದಿಲ್ಲ. ಆ ರೂಪಗಳ ಪಟ್ಟಿ ಗಣಪಾಠದಲ್ಲಿ ಇರುವುದು ನಿಜ. ಹಾಗೆಂದು ‘ಇಲ್ಲಿ ಅಪವಾದ ಉಂಟು’ ಎಂಬ ಮಾತನ್ನು ಗಣಪಾಠಕ್ಕೆ ತಳ್ಳಿಲ್ಲ. ಅದಕ್ಕಾಗಿ ಒಂದು ಸೂತ್ರವನ್ನೇ ಇಟ್ಟಿದ್ದಾನೆ. ಪಟ್ಟಿ ಹೊರಗೆ, ನಿಷೇಧ ಒಳಗೆ. ನಾನು ಇದರಿಂದ ತೆಗೆದುಕೊಂಡ ನಿಯಮ ಇಷ್ಟು: ಯಾವುದು ಬದಲಾದರೆ ತೀರ್ಮಾನವೇ ಬದಲಾಗುತ್ತದೋ ಅದು ಪ್ರಬಂಧದ ಒಳಗೆ, ಯಾವುದರಿಂದ ತೀರ್ಮಾನವನ್ನು ಇನ್ನೊಬ್ಬರು ಪರೀಕ್ಷಿಸಬಹುದೋ ಅದು ಅನುಬಂಧದಲ್ಲಿ.

ಈ ನಿಯಮ ಹಿಡಿದು ನಾವಿಬ್ಬರೂ ಕರಡನ್ನು ಮತ್ತೆ ಓದಲು ಕುಳಿತೆವು. ಮೊದಲು ಪ್ರಶ್ನಾವಳಿ. ನಲವತ್ತು ಪ್ರಶ್ನೆಗಳೂ ಅನುಬಂಧಕ್ಕೆ ಹೋಗಲಿ, ಸರ್ವನಾಮದ ಪ್ರಶ್ನೆ ಕೇಳಿದ ಕ್ರಮ ಮಾತ್ರ ಒಳಗೆ ಬರಲಿ ಎಂದೆ. ಆ ಎರಡು ಸಾಲನ್ನು ಬಿಡಿಸಿ ಬರೆಯುವಾಗ ಅವಳ ಕೈ ನಿಂತಿತು. ಮೊದಲ ದಿನ ಅವಳು ಕೇಳಿದ್ದು “‘ಇದು ನಮ್ಮ ತೋಟ’ ಎಂಬುದನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳುತ್ತೀರಿ?” ಎಂದು. ‘ನಮ್ಮ’ ಎಂಬ ಪದವನ್ನು ಕೇಳುವವಳೇ ಬಾಯಿಗೆ ಹಾಕಿದ ಮೇಲೆ ಉತ್ತರದಲ್ಲಿ ‘ನಮ್ಮ’ ಬಾರದೆ ಮತ್ತೇನು ಬಂದೀತು? ಎರಡನೆಯ ದಿನದಿಂದ ಕ್ರಮ ಬದಲಿಸಿದ್ದಳು: “ನೆಂಟರು ಬಂದಿದ್ದಾರೆ, ತೋಟ ತೋರಿಸಿ ಏನು ಹೇಳುತ್ತೀರಿ? ತಮ್ಮನಿಗಾದರೆ ಏನು ಹೇಳುತ್ತೀರಿ?” ಎಂದು. ಮೊದಲ ದಿನ ಮಾತಾಡಿಸಿದ್ದು ಯಾರನ್ನು? ಆ ಮೂವರು ಕಾಲೇಜು ಹುಡುಗರನ್ನೇ, ಅವರನ್ನು ಮಾತ್ರವೇ.

ತಪ್ಪು ಮುಚ್ಚಿಡುವ ಉದ್ದೇಶ ಅವಳದಾಗಿರಲಿಲ್ಲ. ಎಲ್ಲವನ್ನೂ ಬರೆದೇ ಇದ್ದಳು. ಆದರೆ ಸಾಧನದ ವಿವರ ಎಂದರೆ ಕೊನೆಗೆ ಹಾಕುವಂಥದ್ದು ಎಂಬ ಅಭ್ಯಾಸದಿಂದ ಅದನ್ನು ಕೊನೆಗಿಟ್ಟಳು. ಕೊನೆಗಿಟ್ಟದ್ದನ್ನು ಅವಳೂ ಮತ್ತೆ ಓದಲಿಲ್ಲ, ಬೇರೆಯವರೂ ಓದುತ್ತಿರಲಿಲ್ಲ. ಹುಡುಗರನ್ನು ಮತ್ತೆ ಹುಡುಕಿದಳು. ಇಬ್ಬರು ಸಿಕ್ಕಿದರು, ನೆಂಟರ ಪ್ರಶ್ನೆಗೆ ಇಬ್ಬರೂ ‘ಎಂಗಳ’ ಎಂದರು. ಒಬ್ಬ ದೂರದ ಊರಿಗೆ ಹೋಗಿದ್ದ, ಸಿಗಲಿಲ್ಲ. ಅವನದು ‘ನಿರ್ಣಯವಿಲ್ಲ’ ಎಂದು ಬರೆದಳು. ಭೇದ ಅಳಿಯುತ್ತಿದೆ ಎಂಬ ವಾಕ್ಯ ಪ್ರಬಂಧದಿಂದ ಹೋಯಿತು. ಅದು ಹಾಗೆಯೇ ಅಚ್ಚಾಗಿದ್ದರೆ ಮುಂದಿನವರು ಅದನ್ನೇ ಆಧಾರವಾಗಿ ಎತ್ತಿ ಹೇಳುತ್ತಿದ್ದರು.

ಧ್ವನಿಮುದ್ರಣದ ಯಂತ್ರ, ಮೈಕಿನ ದೂರ, ಕಡತದ ಬಗೆ, ಇವು ನಿಶ್ಚಿಂತೆಯಿಂದ ಅನುಬಂಧಕ್ಕೆ ಹೋದವು. ಒಂದು ವಾಕ್ಯದಲ್ಲಿ ‘ಎಂಗಳ’ ಇದೆಯೋ ‘ನಮ್ಮ’ ಇದೆಯೋ ಎಂಬುದು ಯಾವ ಯಂತ್ರದಲ್ಲಾದರೂ ಕೇಳುತ್ತದೆ. ಇಬ್ಬರ ಮಾತನ್ನು ಫೋನಿನಲ್ಲಿ ದಾಖಲಿಸಿದ್ದಳು, ಅದಕ್ಕೂ ಇಲ್ಲಿ ಬಾಧಕವಿಲ್ಲ. ಆದರೆ ಅವಳ ವಿಷಯ ಶಕಾರ–ಸಕಾರಗಳ ಭೇದವಾಗಿದ್ದರೆ ಮಾತು ಬೇರೆ. ಸಾಮಾನ್ಯ ದೂರವಾಣಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. ಸಕಾರದ ಸೀಟಿಯಂಥ ಸದ್ದಿನ ಬಹುಭಾಗ ಅದಕ್ಕಿಂತ ಮೇಲಿನದು. ಆಗ ‘ಇಬ್ಬರನ್ನು ಫೋನಿನಲ್ಲಿ ಕೇಳಿದೆ’ ಎಂಬುದು ಒಳಗೇ ಬರಬೇಕು. ಒಂದೇ ವಿವರ ಒಂದು ಪ್ರಬಂಧದಲ್ಲಿ ಅನುಬಂಧದ್ದು, ಇನ್ನೊಂದರಲ್ಲಿ ಪ್ರಬಂಧದ್ದು.

ರೂಪಸಿದ್ಧಿಯ ಪ್ರಕರಣ ನನಗೆ ಇಷ್ಟವಾದದ್ದು, ಆದ್ದರಿಂದಲೇ ಅದನ್ನು ಕತ್ತರಿಸುವುದೂ ಕಷ್ಟವಾಯಿತು. ‘ಎಂಗೊ’ ಎಂಬುದು ‘ಎಂಗಳು’ ಎಂಬುದರಿಂದ ಬಂದದ್ದು ಎನ್ನಲು ಅವಳು ಮೂರು ಪುಟ ಬರೆದಿದ್ದಳು. ಒಳಗೆ ಬೇಕಾದ್ದು ಎರಡು ವಾಕ್ಯ: ಪದದ ಕೊನೆಯ ‘ಅಳು’ ಇಲ್ಲಿ ‘ಒ’ ಆಗುತ್ತದೆ, ವಿಭಕ್ತಿ ಸೇರಿದಾಗ ಮರೆಯಾದ ಳಕಾರ ಮತ್ತೆ ಕಾಣಿಸಿಕೊಳ್ಳುತ್ತದೆ. ‘ಎಂಗೊ–ಎಂಗಳ’ ಎಂಬ ಜೋಡಿಯನ್ನು ತೋರಿಸಿದರೆ ಸಾಕು. ‘ನಿಂಗೊ–ನಿಂಗಳ’, ‘ಮಕ್ಕೊ–ಮಕ್ಕಳ’ ಮುಂತಾದ ಉಳಿದ ಜೋಡಿಗಳೂ ಹಂತಗಳೂ ಅನುಬಂಧಕ್ಕೆ. ಪ್ರಯೋಗದ ಬಗ್ಗೆ ಬರೆದ ಪ್ರಬಂಧದಲ್ಲಿ ವ್ಯುತ್ಪತ್ತಿ ಆಧಾರವಲ್ಲ, ಬರೀ ಪರಿಚಯ. ವ್ಯುತ್ಪತ್ತಿಯೇ ವಾದವಾಗಿದ್ದರೆ ಒಂದು ಹಂತವನ್ನೂ ಹೊರಗಿಡುವಂತಿಲ್ಲ.

ಇನ್ನು ಆ ಎಂಬತ್ತನಾಲ್ಕು ವಾಕ್ಯಗಳು. ಅವೆಲ್ಲ ಅನುಬಂಧಕ್ಕೆ ಹೋಗಿ, ಒಳಗೆ ನಾಲ್ಕು ವಾಕ್ಯಗಳೂ ಒಂದು ಕೋಷ್ಟಕವೂ ಉಳಿದವು. ಅನುಬಂಧದಲ್ಲಿ ಪ್ರತಿ ವಾಕ್ಯಕ್ಕೂ ಸಂಖ್ಯೆ, ಹೇಳಿದವರ ಗುರುತು, ವಯಸ್ಸು, ಓದಿದ ಮಾಧ್ಯಮ, ಕೇಳಿದ ಪ್ರಶ್ನೆ, ಹೇಳಿದ ಮಾತು ಹೇಳಿದ ಹಾಗೆಯೇ. ಹೆಸರು ಹಾಕಲಿಲ್ಲ, ಸಣ್ಣ ಊರು, ಹೆಸರಿಲ್ಲದಿದ್ದರೂ ಗುರುತು ಹತ್ತುತ್ತದೆಂದು ಮನೆತನ, ಬೈಲಿನ ಹೆಸರುಗಳನ್ನೂ ಬಿಟ್ಟೆವು.

ಆಮೇಲೆ ಎರಡು ಪರೀಕ್ಷೆ ಮಾಡಿದೆವು. ಅನುಬಂಧವನ್ನು ಎತ್ತಿಟ್ಟು ಪ್ರಬಂಧವನ್ನಷ್ಟೇ ಓದುವುದು ಮೊದಲನೆಯದು. ಎಲ್ಲಿ ಅದನ್ನು ತೆರೆಯದೆ ಮುಂದೆ ಹೋಗಲಾಗುವುದಿಲ್ಲವೋ ಅಲ್ಲಿ ಒಂದು ವಾಕ್ಯ ಒಳಗೆ ಬರಬೇಕು. ಎರಡನೆಯದು ಅನುಬಂಧವನ್ನು ಮಾತ್ರ ಇಟ್ಟುಕೊಂಡು ಕೋಷ್ಟಕವನ್ನು ಹೊಸದಾಗಿ ಎಣಿಸುವುದು. ನಾನು ಎಣಿಸಿದಾಗ ಭೇದ ಉಳಿಸಿಕೊಂಡವರು ಹನ್ನೆರಡು, ಅವಳ ಲೆಕ್ಕದಲ್ಲಿ ಹದಿಮೂರು. ನೋಡಿದರೆ, ಹಿರಿಯರೊಬ್ಬರು ನೆಂಟರ ಪ್ರಶ್ನೆಗೆ ಮೊದಲು ‘ನಮ್ಮ’ ಎಂದು, ಕೂಡಲೇ ತಿದ್ದಿಕೊಂಡು ‘ಎಂಗಳ’ ಎಂದಿದ್ದರು. ಅವಳು ತಿದ್ದಿದ್ದನ್ನು ಎಣಿಸಿದ್ದಳು, ನಾನು ಮೊದಲಿನದನ್ನು. ‘ತಿದ್ದಿಕೊಂಡಲ್ಲಿ ಕೊನೆಯ ಮಾತನ್ನು ಎಣಿಸಿದೆ, ಮೊದಲಿನದನ್ನು ಎಣಿಸಿದರೆ ಒಂದು ಕಡಿಮೆಯಾಗುತ್ತದೆ’ ಎಂಬ ವಾಕ್ಯ ಕೋಷ್ಟಕದ ಕೆಳಗೆ ಸೇರಿತು. ಎಣಿಕೆಯ ನಿಯಮ ಯಾವಾಗಲೂ ಒಳಗಿನದು.

ಸಂಪುಟದಲ್ಲಿ ಪುಟ ಸಾಲದೆ ಬಂದರೆ? ಚೆನ್ನಾಗಿ ಕಾಣುವ ವಾಕ್ಯಗಳನ್ನು ಆರಿಸಿ ಉಳಿದದ್ದನ್ನು ಬಿಡುವುದು ಅನುಬಂಧವಲ್ಲ, ಅಲಂಕಾರ. ಚರ್ಚೆಗೆ ಬಂದ ಅಂಶದ ಸಾಮಗ್ರಿಯನ್ನು ಪೂರ್ತಿ ಕೊಟ್ಟು, ಚರ್ಚೆಗೆ ಬಾರದ ಉಳಿದ ಮೂವತ್ತನಾಲ್ಕು ಪ್ರಶ್ನೆಗಳ ಉತ್ತರವನ್ನು ಬಿಡಬಹುದು. ಅದರ ಪ್ರತಿ ಎಲ್ಲಿದೆ ಎಂದು ಹೇಳಿದರಾಯಿತು.

ಕೊನೆಗೆ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಬಹಳ ಹಿಂದೆ ನಮ್ಮ ನೆರೆಯ ಅಜ್ಜಿಯೊಬ್ಬರ ಬಾಯಿಂದ ಅಡಕೆ ತೋಟದ ಕೆಲಸದ ಪದಗಳನ್ನು ಚೀಟಿಗಳಲ್ಲಿ ಬರೆದುಕೊಂಡು ಒಂದು ಲೇಖನ ಮಾಡಿದ್ದೆ. ಲೇಖನದಲ್ಲಿ ಇಪ್ಪತ್ತು ಪದ ಬಂದವು. ಅಚ್ಚಾದ ಮೇಲೆ ಚೀಟಿಗಳೇಕೆ ಎಂದು ಬಚ್ಚಲ ಒಲೆಗೆ ಹಾಕಿದೆ. ವರ್ಷಗಳ ನಂತರ ಒಬ್ಬರು ಬರೆದು ಕೇಳಿದರು: ಇಂಥ ಪದವನ್ನು ಅವರು ಹೀಗೇ ಹೇಳಿದರೋ, ನೀವು ತಿದ್ದಿ ಬರೆದಿರೋ ಎಂದು. ಉತ್ತರ ನನ್ನಲ್ಲಿರಲಿಲ್ಲ. ಅಜ್ಜಿಯೂ ಅಷ್ಟರಲ್ಲಿ ತೀರಿಕೊಂಡಿದ್ದರು. ಗಡಿಯ ಈಚೆ ಮಾತು ಸಂಗ್ರಹಿಸುವವರಿಗೆ ಮತ್ತೆ ಹೋಗಿ ಕೇಳುವ ಅವಕಾಶ ಬಹಳ ಸಲ ಇರುವುದಿಲ್ಲ. ಪ್ರಬಂಧದ ತೀರ್ಮಾನವನ್ನು ಮುಂದಿನವರು ತಳ್ಳಿಹಾಕಬಹುದು, ಹಾಕಲಿ. ಅನುಬಂಧವಿದ್ದರೆ ಆ ಅಜ್ಜಿಯ ಮಾತಾದರೂ ಉಳಿಯುತ್ತಿತ್ತು.