ಎರಡು ಎಂಬಿಯಲ್ಲಿ ಹತ್ತು ಹಾಳೆ

‘ಎಲ್ಲ ಪ್ರಮಾಣಪತ್ರಗಳನ್ನೂ ಒಂದೇ ಪಿಡಿಎಫ್ ಮಾಡಿ ಇಮೇಲ್‌ನಲ್ಲಿ ಕಳುಹಿಸಿ. ಗಾತ್ರ 2 ಎಂಬಿ ಮೀರಬಾರದು.’ ಕೆಲಸದ ಜಾಹೀರಾತಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಈ ಸಾಲು ಎಷ್ಟೋ ಜನರನ್ನು ಕೊನೆಯ ದಿನ ರಾತ್ರಿ ಸೈಬರ್ ಸೆಂಟರ್‌ಗೆ ಓಡಿಸುತ್ತದೆ.

ದಾವಣಗೆರೆಯ ಬಿ.ಕಾಂ. ಪದವೀಧರೆಯೊಬ್ಬಳು ಲೆಕ್ಕಪತ್ರ ವಿಭಾಗದ ಹುದ್ದೆಗೆ ಅರ್ಜಿ ಹಾಕುತ್ತಿದ್ದಾಳೆ ಎನ್ನೋಣ. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಆರು ಸೆಮಿಸ್ಟರ್‌ಗಳ ಆರು ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಹಿಂದಿನ ಕಚೇರಿಯ ಅನುಭವ ಪತ್ರ: ಒಟ್ಟು ಹತ್ತು ಹಾಳೆ. ಮಂಚದ ಮೇಲೆ ಹರಡಿ ಫೋನಿನಲ್ಲಿ ಫೋಟೊ ತೆಗೆದರೆ ಒಂದೊಂದೂ ಸುಮಾರು 4 ಎಂಬಿ, ಹತ್ತಕ್ಕೆ 40. ಅದನ್ನು ಹಾಗೆಯೇ ಜೋಡಿಸಿ, ‘ಕಂಪ್ರೆಸ್’ ಒತ್ತಿ 2 ಎಂಬಿಗೆ ಇಳಿಸುವುದು ಎಲ್ಲರೂ ಹಿಡಿಯುವ ದಾರಿ. ಫೈಲು ಚಿಕ್ಕದಾಗುತ್ತದೆ ನಿಜ, ಆದರೆ ಅಂಕಪಟ್ಟಿಯಲ್ಲಿ 3 ಯಾವುದು, 8 ಯಾವುದು ಎಂದು ತಿಳಿಯುವುದಿಲ್ಲ.

ಭಾರ ಇರುವುದು ಜೋಡಣೆಯಲ್ಲಲ್ಲ, ಪ್ರತಿ ಹಾಳೆಯ ಚಿತ್ರದಲ್ಲಿ. 12 ಮೆಗಾಪಿಕ್ಸೆಲ್ ಫೋಟೊದಲ್ಲಿ 1.2 ಕೋಟಿ ಚುಕ್ಕೆಗಳಿರುತ್ತವೆ. ಎ4 ಹಾಳೆಯನ್ನು 150 ಡಿಪಿಐಗೆ ಸ್ಕ್ಯಾನ್ ಮಾಡಿದರೆ 1240 x 1754, ಅಂದರೆ ಸುಮಾರು 22 ಲಕ್ಷ ಚುಕ್ಕೆ. ಪರದೆಯ ಮೇಲೆ ಓದಲು ಇಷ್ಟು ಸಾಕು. 300 ಡಿಪಿಐ ಎಂದರೆ ಭಾರ ಎರಡರಷ್ಟಲ್ಲ; ಉದ್ದಕ್ಕೂ ಅಗಲಕ್ಕೂ ಇಮ್ಮಡಿಯಾಗಿ ಚುಕ್ಕೆಗಳು ನಾಲ್ಕರಷ್ಟಾಗುತ್ತವೆ. ಇನ್ನೊಂದು ಸಂಗತಿ: ಜೆಪೆಗ್ ಚಿತ್ರದಲ್ಲಿ ಬಿಳಿ ಬಯಲು ಹೆಚ್ಚು ಜಾಗ ತಿನ್ನುವುದಿಲ್ಲ, ಹೊದಿಕೆಯ ನೇಯ್ಗೆ, ನೆರಳು, ಸುಕ್ಕು ತಿನ್ನುತ್ತವೆ. ಹಾಸಿಗೆಯ ಹೂವಿನ ಚಿತ್ತಾರಕ್ಕೆ ನಿಮ್ಮ 2 ಎಂಬಿ ಖರ್ಚಾಗಬೇಕೆ?

ಆದ್ದರಿಂದ ಮೊದಲೇ ಬಜೆಟ್ ಹಾಕಿಕೊಳ್ಳಬೇಕು. ಹತ್ತು ಹಾಳೆಗೆ 2 ಎಂಬಿ ಎಂದರೆ ತಲಾ 200 ಕೆಬಿ; ಸ್ವಲ್ಪ ಕೈಯಲ್ಲಿ ಉಳಿಸಿಕೊಂಡು 170 ಎಂದಿಟ್ಟುಕೊಳ್ಳಿ. ಫೋನಿನ ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನ್ ಸೌಲಭ್ಯವಿದೆ. ಅದು ಅಂಚು ಕತ್ತರಿಸಿ, ಹಿನ್ನೆಲೆ ಬೆಳ್ಳಗೆ ಮಾಡಿ, ಹಲವು ಪುಟಗಳನ್ನು ಒಂದೇ ಪಿಡಿಎಫ್‌ನಲ್ಲಿ ಕೊಡುತ್ತದೆ. ಗಾತ್ರ ಇನ್ನೂ ಹೆಚ್ಚಿದ್ದರೆ ಬೂದು ಛಾಯೆ ಆರಿಸಬಹುದು. ಬರೀ ಕಪ್ಪು-ಬಿಳುಪು ಬೇಡ. ಮೊಹರು ಮಸಿಯಾಗುತ್ತದೆ, ಫೋಟೊ ಗುರುತು ಸಿಗುವುದಿಲ್ಲ. ಒಮ್ಮೆ ಕುಗ್ಗಿಸಿದ ಫೈಲನ್ನೇ ಮತ್ತೆ ಮತ್ತೆ ಕುಗ್ಗಿಸುವುದೂ ಬೇಡ. ಪ್ರತಿ ಸಲವೂ ಮೂಲ ಸ್ಕ್ಯಾನ್‌ನಿಂದಲೇ ಶುರುಮಾಡಿ. ಸಿಕ್ಕಸಿಕ್ಕ ಉಚಿತ ತಾಣಗಳಿಗೆ ಪ್ರಮಾಣಪತ್ರ ಏರಿಸುವ ಬಗ್ಗೆ ನನಗಂತೂ ಒಪ್ಪಿಗೆಯಿಲ್ಲ. ನಿಮ್ಮ ಹುಟ್ಟಿದ ದಿನಾಂಕ, ತಂದೆ-ತಾಯಿಯ ಹೆಸರು ಎಲ್ಲವೂ ಅಪರಿಚಿತರ ಸರ್ವರ್‌ಗೆ ಹೋಗುತ್ತವೆ.

ಡಿಜಿಲಾಕರ್‌ನಿಂದ ಇಳಿಸಿಕೊಂಡ ಅಂಕಪಟ್ಟಿಯಾಗಲಿ, ಕಂಪನಿ ಪಿಡಿಎಫ್ ಆಗಿಯೇ ಕೊಟ್ಟ ಅನುಭವ ಪತ್ರವಾಗಲಿ ಇದ್ದರೆ ಅದನ್ನು ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಬೇಡಿ. ಅಂಥ ಫೈಲಿನಲ್ಲಿ ಅಕ್ಷರಗಳು ಚಿತ್ರವಾಗಿಲ್ಲ, ಅಕ್ಷರಗಳಾಗಿಯೇ ಇರುವುದರಿಂದ ಅದು ಸಾಮಾನ್ಯವಾಗಿ ಹಗುರ. ನೇರವಾಗಿ ಜೋಡಿಸಿದರಾಯಿತು. ಆದರೆ ಜೋಡಿಸಿದ ಮೇಲೆ ಅದರೊಳಗಿನ ಡಿಜಿಟಲ್ ಸಹಿ ಊರ್ಜಿತವಾಗಿ ಉಳಿಯುವುದಿಲ್ಲ. ಪರಿಶೀಲನೆಗೆ ಕೇಳಿದರೆ ಕೊಡಲು ಮೂಲ ಫೈಲು ಬೇರೆಯಾಗಿರಲಿ.

ಹೀಗೆ ಮಾಡಿ ನಮ್ಮ ಪದವೀಧರೆಯ ಫೈಲು 1.7 ಎಂಬಿಗೆ ಬಂತು. ಅದಕ್ಕೆ `scan0001.pdf` ಎಂಬ ಹೆಸರೇ ಉಳಿದರೆ ನೇಮಕಾತಿಯವರ ಕಂಪ್ಯೂಟರಿನಲ್ಲಿ ಅದು ಯಾರದೆಂದು ತಿಳಿಯುವುದಿಲ್ಲ. ತನ್ನ ಹೆಸರಿನ ಮುಂದೆ ಹುದ್ದೆಯ ಸಂಕೇತ ಸೇರಿಸಿ ಹೆಸರಿಟ್ಟಳು. ಪತ್ರ ಇಷ್ಟೇ:

“ಮಾನ್ಯರೇ, ಲೆಕ್ಕಪತ್ರ ಸಹಾಯಕ ಹುದ್ದೆಗೆ (ಸಂಕೇತ AC07) ಅರ್ಜಿ ಸಲ್ಲಿಸುತ್ತಿದ್ದೇನೆ. ಎರಡು ಫೈಲುಗಳಿವೆ: ಸ್ವವಿವರ, ಮತ್ತು ಪ್ರಮಾಣಪತ್ರಗಳ ಪಿಡಿಎಫ್ (10 ಪುಟ, 1.7 ಎಂಬಿ). ಪುಟ 1 ಎಸ್ಸೆಸ್ಸೆಲ್ಸಿ, 2 ಪಿಯುಸಿ, 3ರಿಂದ 8 ಸೆಮಿಸ್ಟರ್ ಅಂಕಪಟ್ಟಿಗಳು, 9 ಪದವಿ ಪ್ರಮಾಣಪತ್ರ, 10 ಅನುಭವ ಪತ್ರ. ಸಂದರ್ಶನಕ್ಕೆ ಮೂಲ ಪ್ರತಿಗಳನ್ನು ತರುತ್ತೇನೆ.”

ಪುಟಗಳ ಆ ಸಾಲು ಸೌಜನ್ಯಕ್ಕಾಗಿ ಅಲ್ಲ. ಐದನೇ ಸೆಮಿಸ್ಟರಿನ ಅಂಕ ನೋಡಬೇಕಾದವರು ನೇರವಾಗಿ ಏಳನೇ ಪುಟಕ್ಕೆ ಹೋಗುತ್ತಾರೆ.

ಮಿತಿ ಫೈಲಿಗೋ ಇಡೀ ಇಮೇಲ್‌ಗೋ ಎಂಬುದನ್ನು ಜಾಹೀರಾತಿನಲ್ಲಿ ಇನ್ನೊಮ್ಮೆ ಓದಿ. ಲಗತ್ತುಗಳು ಇಮೇಲ್‌ನಲ್ಲಿ ಸಾಗುವಾಗ ಸಂಕೇತರೂಪಕ್ಕೆ ಬದಲಾಗಿ ಮೂರನೇ ಒಂದರಷ್ಟು ಉಬ್ಬುತ್ತವೆ, 1.7 ಎಂಬಿ ಫೈಲು ದಾರಿಯಲ್ಲಿ 2.3ರ ಹತ್ತಿರವಿರುತ್ತದೆ. ಇಡೀ ಇಮೇಲ್‌ಗೇ 2 ಎಂಬಿ ಎಂದಿದ್ದರೆ ಸ್ವವಿವರವೂ ಸೇರಿ 1.4 ದಾಟದಿರುವುದು ಕ್ಷೇಮ. ಕುಗ್ಗಿಸದ 40 ಎಂಬಿ ಫೈಲನ್ನೇ ಜಿಮೇಲ್‌ಗೆ ಹಾಕಿದರೆ, 25 ಎಂಬಿ ಮಿತಿ ದಾಟಿದ್ದರಿಂದ ಅದು ಲಗತ್ತಾಗದೆ ಡ್ರೈವ್ ಕೊಂಡಿಯಾಗುತ್ತದೆ. ನೋಡುವ ಅನುಮತಿ ಕೊಡದೆ ಕಳುಹಿಸಿದರೆ, ಒತ್ತಿದ ಅಧಿಕಾರಿಗೆ ಕಾಣುವುದು ಪ್ರಮಾಣಪತ್ರವಲ್ಲ, ಅನುಮತಿ ಕೋರುವ ಪುಟ.

ಕಳುಹಿಸುವ ಮುನ್ನ ಫೈಲನ್ನು ಬೇರೊಂದು ಫೋನಿನಲ್ಲಿ ತೆರೆದು, ಅತಿ ಸಣ್ಣ ಅಕ್ಷರದ ನೋಂದಣಿ ಸಂಖ್ಯೆಯನ್ನು ದೊಡ್ಡದು ಮಾಡಿ ಓದಿ ನೋಡಿ. ತಡವರಿಸಿದರೆ ಆ ಒಂದು ಹಾಳೆಯನ್ನು ಮಾತ್ರ ಮತ್ತೆ ಸ್ಕ್ಯಾನ್ ಮಾಡಿ. ಉಳಿಸಿಟ್ಟ 300 ಕೆಬಿ ಇರುವುದೇ ಅದಕ್ಕೆ.