ಟೆಂಡರ್ ಪ್ರಕಟಣೆ ಇಂಗ್ಲಿಷಿಗೆ ಹೋಗುವಾಗ

ತಾಲ್ಲೂಕು ಕೇಂದ್ರದ ಕಚೇರಿಯೊಂದು ಕನ್ನಡದಲ್ಲಿ ಹೊರಡಿಸಿದ ಟೆಂಡರ್ ಪ್ರಕಟಣೆ ಅಲ್ಲಿಗೇ ನಿಲ್ಲುವುದಿಲ್ಲ. ಹೊರರಾಜ್ಯದ ಗುತ್ತಿಗೆದಾರ ಅದನ್ನು ಓದಬೇಕಾಗುತ್ತದೆ. ಬ್ಯಾಂಕ್ ಗ್ಯಾರಂಟಿ ಕೊಡುವ ಕನ್ನಡ ಬಾರದ ಅಧಿಕಾರಿಗೆ ಅದರ ಪ್ರತಿ ಬೇಕಾಗುತ್ತದೆ. ತಕರಾರು ಹೈಕೋರ್ಟಿಗೆ ಹೋದರೆ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಬೇಕಾಗುತ್ತದೆ. ಆಗ ಅನುವಾದಕನ ಮೇಜಿಗೆ ಬರುವುದು ಎರಡೇ ಪುಟದ ಕಾಗದ. ಆದರೆ ಅದರ ಒಂದೊಂದು ಪದದ ಹಿಂದೆಯೂ ಒಂದು ಹುದ್ದೆ, ಒಂದು ಅಧಿಕಾರ, ಕಡತ ದಾಟಿ ಬಂದ ಒಂದು ಹಂತ ಇರುತ್ತದೆ.

ಮೊದಲ ತೊಡಕು ಹುದ್ದೆಗಳದು. ಜಿಲ್ಲಾಧಿಕಾರಿ ಎಂಬುದನ್ನು ಪದಶಃ ಇಂಗ್ಲಿಷಿಗೆ ತಂದರೆ ಡಿಸ್ಟ್ರಿಕ್ಟ್ ಆಫೀಸರ್ ಆಗುತ್ತದೆ. ಅಂಥ ಅಧಿಕಾರಿ ಕರ್ನಾಟಕದಲ್ಲಿಲ್ಲ, ಇರುವವರು ಡೆಪ್ಯುಟಿ ಕಮಿಷನರ್. ಅವರ ಕೈಕೆಳಗಿನ ಉಪವಿಭಾಗಾಧಿಕಾರಿ ಅಸಿಸ್ಟೆಂಟ್ ಕಮಿಷನರ್. ಇವರನ್ನು ಸಬ್ ಡಿವಿಷನಲ್ ಆಫೀಸರ್ ಎಂದು ಬರೆದರೆ ನಮ್ಮ ಕಂದಾಯ ಇಲಾಖೆಯಲ್ಲಿ ಆ ಹೆಸರಿನ ಬೋರ್ಡು ಸಿಗುವುದಿಲ್ಲ. ಇಲಾಖೆ ಬದಲಾದರೆ ಪದದ ಅರ್ಥವೂ ಬದಲಾಗುತ್ತದೆ. ಲೋಕೋಪಯೋಗಿ ಇಲಾಖೆಯ ವಲಯ ಇಂಗ್ಲಿಷಿನಲ್ಲಿ ಝೋನ್, ಅರಣ್ಯ ಇಲಾಖೆಯ ವಲಯ ರೇಂಜ್. ಅದಕ್ಕೇ ವಲಯ ಅರಣ್ಯಾಧಿಕಾರಿ ರೇಂಜ್ ಫಾರೆಸ್ಟ್ ಆಫೀಸರ್. ದರ್ಜೆ ಎಂಬ ಪದವೂ ಹೀಗೆಯೇ. ಒಂದನೇ ದರ್ಜೆ ಗುತ್ತಿಗೆದಾರ ಕ್ಲಾಸ್ ಒನ್ ಕಾಂಟ್ರಾಕ್ಟರ್. ಕಚೇರಿಯಲ್ಲಿ ಕೂತ ಪ್ರಥಮ ದರ್ಜೆ ಸಹಾಯಕರು ಫಸ್ಟ್ ಡಿವಿಷನ್ ಅಸಿಸ್ಟೆಂಟ್. ಇವುಗಳ ಪಕ್ಕದಲ್ಲೇ ಹಿಂದುಳಿದ ವರ್ಗಗಳ ಪ್ರವರ್ಗ-1 ಬಂದರೆ ಅದು ಕ್ಯಾಟಗರಿ ಒನ್. ಇದನ್ನೂ ಕ್ಲಾಸ್ ಒನ್ ಎಂದು ಬರೆದುಬಿಟ್ಟರೆ, ಜಾತಿ ಪ್ರಮಾಣಪತ್ರ ಕೇಳಿದ ಕಡೆ ಓದುಗ ಗುತ್ತಿಗೆದಾರರ ನೋಂದಣಿ ಪತ್ರ ಕೇಳಿದ್ದಾರೆಂದು ತಿಳಿಯುತ್ತಾನೆ.

ಎಂಜಿನಿಯರುಗಳ ವಿಷಯದಲ್ಲಿ ಕಷ್ಟ ಇದಕ್ಕೆ ತಿರುಗುಮುರುಗು. ಒಂದು ಕಚೇರಿ ಕಾರ್ಯಪಾಲಕ ಇಂಜಿನಿಯರ್ ಎಂದರೆ ಇನ್ನೊಂದು ಕಾರ್ಯನಿರ್ವಾಹಕ ಅಭಿಯಂತರರು ಎನ್ನುತ್ತದೆ. ಇಂಗ್ಲಿಷಿನಲ್ಲಿ ಎರಡೂ ಎಕ್ಸಿಕ್ಯುಟಿವ್ ಇಂಜಿನಿಯರ್. ಕನ್ನಡದಲ್ಲಿ ಎರಡು ಹೆಸರಿದೆಯೆಂದು ಅನುವಾದದಲ್ಲಿ ಎರಡು ಹುದ್ದೆ ಹುಟ್ಟಿಸಬಾರದು. ನಿಘಂಟು ಇಲ್ಲಿ ಕೈಹಿಡಿಯುವುದಿಲ್ಲ. ಆ ಇಲಾಖೆಯ ಇಂಗ್ಲಿಷ್ ವೆಬ್‌ಸೈಟು, ಹಳೆಯ ಇಂಗ್ಲಿಷ್ ಆದೇಶಗಳು, ಸಂಬಂಧಪಟ್ಟ ಕಾಯ್ದೆ ಇವನ್ನೇ ನೋಡಬೇಕು.

ಹುದ್ದೆಯ ಹೆಸರು ತಪ್ಪಿದರೆ ಓದಿದವರಿಗೆ ಬೇಗ ಅನುಮಾನ ಬರುತ್ತದೆ. ಹಣದ ಪದ ತಪ್ಪಿದರೆ ಬರುವುದಿಲ್ಲ, ಏಕೆಂದರೆ ಆ ವಾಕ್ಯ ಇಂಗ್ಲಿಷಿನಲ್ಲಿ ಸಲೀಸಾಗಿಯೇ ಓದಿಸಿಕೊಳ್ಳುತ್ತದೆ. ಒಂದು ರಸ್ತೆ ಕಾಮಗಾರಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಅದರ ಅಂದಾಜು ಮೊತ್ತ 200 ಲಕ್ಷ ರೂಪಾಯಿ, ಟೆಂಡರಿಗಿಟ್ಟ ಮೊತ್ತ 165 ಲಕ್ಷ. ಅಂದಾಜಿನಲ್ಲಿ ತೆರಿಗೆ, ಸಾದಿಲ್ವಾರು ಮುಂತಾದ ಬಾಬುಗಳೂ ಸೇರಿರುತ್ತವೆ. ಗುತ್ತಿಗೆದಾರ ಮಾಡಬೇಕಾದ ಕೆಲಸದ ಬೆಲೆಯಷ್ಟೇ ಟೆಂಡರಿಗಿಟ್ಟ ಮೊತ್ತ. ಇದಕ್ಕೆ ಇಂಗ್ಲಿಷಿನಲ್ಲಿ ಅಮೌಂಟ್ ಪುಟ್ ಟು ಟೆಂಡರ್ ಎಂಬ ರೂಢಿಯ ಹೆಸರೇ ಇದೆ. ಅನುವಾದಕ ಎರಡಕ್ಕೂ ಎಸ್ಟಿಮೇಟೆಡ್ ಕಾಸ್ಟ್ ಎಂದು ಬರೆದನೆನ್ನಿ. 170 ಲಕ್ಷಕ್ಕೆ ಬಂದ ಟೆಂಡರ್, 200 ಲಕ್ಷದ ಪಕ್ಕದಲ್ಲಿಟ್ಟು ನೋಡಿದರೆ ಶೇ. 15ರಷ್ಟು ಕಡಿಮೆ. ಹೋಲಿಸಬೇಕಾದ 165 ಲಕ್ಷದ ಪಕ್ಕದಲ್ಲಿಟ್ಟರೆ ಶೇ. 3ರಷ್ಟು ಹೆಚ್ಚು. ಸರ್ಕಾರಕ್ಕೆ ಹಣ ಉಳಿದಿದೆಯೋ ಹೆಚ್ಚು ಹೋಗುತ್ತಿದೆಯೋ ಎಂಬ ತೀರ್ಮಾನವೇ ತಲೆಕೆಳಗಾಗುತ್ತದೆ. ಲಕ್ಷವನ್ನು ಮಿಲಿಯನ್ ಮಾಡುವುದೂ ಬೇಡ. ಪೋರ್ಟಲ್ಲಿನಲ್ಲಿ, ಟೆಂಡರ್ ದಾಖಲೆಯಲ್ಲಿ ಇರುವ ಅಂಕಿಗೆ ಅನುವಾದದ ಅಂಕಿ ಕಣ್ಣಿಟ್ಟು ನೋಡಿದರೂ ಒಂದೇ ಆಗಿರಬೇಕು.

ಅದೇ ಕಾಮಗಾರಿಯ ಕಡತದಲ್ಲಿ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ ಎಂಬ ಎರಡು ಹಂತಗಳಿರುತ್ತವೆ. ಈ ಕೆಲಸವನ್ನು ಇಷ್ಟು ವೆಚ್ಚದಲ್ಲಿ ಕೈಗೊಳ್ಳಬಹುದು ಎಂದು ಇಲಾಖೆ ಒಪ್ಪುವುದು ಮೊದಲನೆಯದು. ನಕ್ಷೆ, ಅಂದಾಜುಪಟ್ಟಿ ತಾಂತ್ರಿಕವಾಗಿ ಸರಿಯಿವೆ ಎಂದು ಅಧಿಕಾರವುಳ್ಳ ಎಂಜಿನಿಯರ್ ಹೇಳುವುದು ಎರಡನೆಯದು. ಒಂದು ಅಪ್ರೂವಲ್, ಇನ್ನೊಂದು ಸ್ಯಾಂಕ್ಷನ್. ಇಂಗ್ಲಿಷ್ ಚೆನ್ನಾಗಿ ಕಾಣಲೆಂದು ಒಂದರ ಬದಲು ಇನ್ನೊಂದನ್ನು ಹಾಕಿದರೆ, ಕೆಲಸ ಶುರುವಾಗುವ ಹೊತ್ತಿಗೆ ಯಾವ ಒಪ್ಪಿಗೆ ಇತ್ತು, ಯಾವುದು ಇರಲಿಲ್ಲ ಎಂದು ಲೆಕ್ಕ ಪರಿಶೋಧಕರಿಗೆ ತಿಳಿಯದೆ ಹೋಗುತ್ತದೆ. ಶಾಲೆಯಲ್ಲಿ ಕಲಿತ, ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದು ಎಂಬ ಪಾಠವನ್ನು ಇಲ್ಲಿ ಮರೆಯಬೇಕು. ಒಂದು ಪದಕ್ಕೆ ದಾಖಲೆಯ ಕೊನೆಯವರೆಗೂ ಒಂದೇ ಪದ.

1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವನ್ನು ಈ ಕೆಲಸ ಮಾಡುವವರು ಎರಡೂ ಭಾಷೆಯಲ್ಲಿ ಓದಿರಬೇಕು. ಟೆಂಡರ್ ಆಹ್ವಾನಿಸುವ ಪ್ರಾಧಿಕಾರ ಬೇರೆ, ಅಂಗೀಕರಿಸುವ ಪ್ರಾಧಿಕಾರ ಬೇರೆ ಎಂದು ಅದು ವಿಂಗಡಿಸುತ್ತದೆ. ಅಂಗೀಕರಿಸುವ ಪ್ರಾಧಿಕಾರದ ಆದೇಶದಿಂದ ನೊಂದ ಟೆಂಡರುದಾರ ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಎರಡನ್ನೂ ಬರೀ ಟೆಂಡರ್ ಅಥಾರಿಟಿ ಎಂದು ಒಂದುಮಾಡಿದರೆ, ಯಾರ ಯಾವ ಪತ್ರದಿಂದ ಆ ದಿನಗಳನ್ನು ಎಣಿಸಬೇಕು ಎಂಬುದೇ ಗೊಂದಲವಾಗುತ್ತದೆ.

ಸುತ್ತೋಲೆಗಳಲ್ಲಿ ಕಷ್ಟ ಕೊಡುವುದು ವಾಕ್ಯದ ಕಟ್ಟು. ‘ಅಗತ್ಯ ಕ್ರಮ ಕೈಗೊಂಡು ವರದಿ ಸಲ್ಲಿಸತಕ್ಕದ್ದು’ ಎಂದು ಕನ್ನಡ ಕರ್ತೃವಿಲ್ಲದೆ ಮುಗಿಸಬಲ್ಲದು. ಇಂಗ್ಲಿಷ್ ವಾಕ್ಯ ಯಾರು ಎಂದು ಕೇಳುತ್ತದೆ. ಉತ್ತರ ಸಾಮಾನ್ಯವಾಗಿ ಸುತ್ತೋಲೆಯ ಕೊನೆಯಲ್ಲಿ, ಪ್ರತಿ ಯಾರಿಗೆ ಎಂಬ ಪಟ್ಟಿಯಲ್ಲಿ ಸಿಗುತ್ತದೆ. ಅದನ್ನು ಓದದೆ ಮೊದಲ ವಾಕ್ಯಕ್ಕೆ ಕೈಹಾಕಬಾರದು. ತಕ್ಕದ್ದು ಎಂದಿದ್ದರೆ ಶಲ್, ಬಹುದು ಎಂದಿದ್ದರೆ ಮೇ. ಸೌಜನ್ಯಕ್ಕೆಂದು ಕಡ್ಡಾಯವನ್ನು ಸಲಹೆಯಾಗಿ ಮೆದುಗೊಳಿಸುವ ಅಧಿಕಾರ ಅನುವಾದಕನಿಗಿಲ್ಲ. ಸರ್ಕಾರಿ ಆದೇಶದ ಕೊನೆಯ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂಬ ಸಾಲನ್ನೂ ಅಲಂಕಾರವೆಂದು ಬಿಡುವಂತಿಲ್ಲ. ರಾಜ್ಯದ ಕಾರ್ಯಾಂಗದ ಕ್ರಮಗಳು ರಾಜ್ಯಪಾಲರ ಹೆಸರಿನಲ್ಲಿ ಹೊರಡಬೇಕೆಂದು ಹೇಳುವುದು ಸಂವಿಧಾನದ 166ನೇ ಅನುಚ್ಛೇದ.

ಅನುವಾದ ಮುಗಿದ ಮೇಲೆ ಇಬ್ಬರು ಕೂತು ತಾಳೆ ನೋಡುವುದು ಒಳ್ಳೆಯದು. ಒಬ್ಬರು ಕನ್ನಡದ ಪ್ರತಿಯಿಂದ ಅಂಕಿ, ದಿನಾಂಕ, ಗಂಟೆ, ಕಡತ ಸಂಖ್ಯೆಗಳನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಇಂಗ್ಲಿಷ್ ಪ್ರತಿಯಲ್ಲಿ ಬೆರಳಿಟ್ಟು ಹುಡುಕಬೇಕು. ಅರ್ಥ ಬಲ್ಲವನ ಕಣ್ಣು ತಪ್ಪಿದ ಅಂಕಿಯನ್ನೂ ಸರಿಯೆಂದೇ ಓದಿಕೊಂಡು ಹೋಗುತ್ತದೆ, ಕಿವಿಗೆ ಅದು ಸಿಕ್ಕಿಬೀಳುತ್ತದೆ.

ಇಷ್ಟು ಮಾಡಿದರೂ ಉಳಿಯುವ ಸಮಸ್ಯೆಯೊಂದಿದೆ, ಮೂಲವೇ ಎರಡರ್ಥ ಕೊಡುವುದು. ‘20ನೇ ತಾರೀಖಿನೊಳಗೆ’ ಎಂದು ಗಂಟೆ ಹೇಳದೆ ಬಿಟ್ಟಿದ್ದರೆ, 20ರಂದು ಸಲ್ಲಿಸಿದ ಟೆಂಡರ್ ಸಲ್ಲುತ್ತದೆಯೇ? ಸಾಮಾನ್ಯ ಬಳಕೆಯಲ್ಲಿ ಸಲ್ಲುತ್ತದೆ ಎಂದೇ ತಿಳಿಯುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಬಿಫೋರ್ ಎಂದರೆ ಆ ದಿನ ಹೊರಗೆ, ಆನ್ ಆರ್ ಬಿಫೋರ್ ಎಂದರೆ ಒಳಗೆ. ಇಂಥಲ್ಲಿ ಅನುವಾದಕ ತನಗೆ ಸರಿಯೆನಿಸಿದ್ದನ್ನು ಬರೆದು ಮುಂದೆ ಹೋಗಬಾರದು. ಪ್ರಕಟಣೆ ಹೊರಡಿಸಿದ ಕಚೇರಿಯನ್ನು ಲಿಖಿತವಾಗಿ ಕೇಳಬೇಕು, ಬಂದ ಉತ್ತರವನ್ನು ಕಡತದಲ್ಲಿ ಇಡಬೇಕು. ಮೂಲದಲ್ಲೇ ತಪ್ಪಿದ್ದರೆ ಅದನ್ನು ಸರಿಪಡಿಸಬೇಕಾದದ್ದು ಕಚೇರಿಯ ತಿದ್ದೋಲೆ. ಅದು ಮೊದಲು ಕನ್ನಡದಲ್ಲಿ ಹೊರಡಬೇಕು, ಆಮೇಲೆ ಇಂಗ್ಲಿಷ್ ಪ್ರತಿ ಬದಲಾಗಬೇಕು.